ಹನ್ನೆರಡರಿಂದ ಒಂಬತ್ತೂವರೆ

ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಿರುವ ಆಕೆಯನ್ನು ಎಲ್ಲರೂ ಬೆನ್ನ ಹಿಂದೆ ಮೆಣಸಿನಕಾಯಿ ಅನ್ನುತ್ತಾರೆ. ಅದು ಆಕೆಗೂ ಗೊತ್ತು. ಮಾತಿಗೆ ಬೆಣ್ಣೆ ಹಚ್ಚುವುದು ಆಕೆಗೆ ಬರುವುದಿಲ್ಲ.

ಅವತ್ತು ಸಂಜೆ ಒಬ್ಬ ಎರಡು ರಿಪೋರ್ಟ್‌ಗಳನ್ನು ಕಿಟಕಿಯ ಕಟ್ಟೆಗೆ ಬಡಿದ. ಮೂರು ದಿನ ವಾಂತಿಭೇದಿಯಿಂದ ನರಳಿದ ತಾಯಿಯನ್ನು ಬೆಳಿಗ್ಗೆ ತಂದು ಸೇರಿಸಿದ್ದವನು ಅವನೇ.

"ಬೆಳಿಗ್ಗೆ ಹಿಮೋಗ್ಲೋಬಿನ್ ಹನ್ನೆರಡು, ಈಗ ಒಂಬತ್ತೂವರೆ! ಸಲೈನ್ ಹಾಕಿ ನಮ್ಮಮ್ಮನ ರಕ್ತ ಹಾಳು ಮಾಡಿದ್ರಲ್ರೀ!"

"ಉಪ್ಪುನೀರು ಕುದಿಸಿದ್ರೆ ಉಪ್ಪು ಹೆಚ್ಚಾಗುತ್ತೇನಪ್ಪಾ? ನೀರು ಇಂಗುತ್ತೆ, ಉಪ್ಪು ಜಾಸ್ತಿ ಅನ್ನಿಸುತ್ತೆ, ಅಷ್ಟೇ. ನಿಮ್ಮಮ್ಮನ ರಕ್ತದಲ್ಲೂ ಹಂಗೇ ಆಗಿತ್ತು. ಮೈಯಲ್ಲಿ ನೀರಿರ್ಲಿಲ್ಲ, ಅದಕ್ಕೇ ಹನ್ನೆರಡು. ಈಗ ನೀರು ತುಂಬಿದೆ, ನಿಜ ಕಾಣ್ತಿದೆ."

"ಕಥೆ ಕಟ್ಬೇಡಿ. ನಿಮ್ಮ ಮಿಷಿನ್ನೇ ಕೆಟ್ಟಿದೆ!"

ಕಾಯುತ್ತಿದ್ದವರೆಲ್ಲ ಕತ್ತು ಚಾಚಿದರು. ಆಕೆ ಹಳೆಯ ರಿಜಿಸ್ಟರ್ ತೆಗೆದಳು. ಬೆಳಿಗ್ಗೆ ತಾಯಿಯ ಕಣ್ಣರೆಪ್ಪೆಯ ಒಳಬದಿ ಬಿಳಿಚಿದ್ದನ್ನು ನೋಡಿದಾಗಲೇ ಆ ಹನ್ನೆರಡನ್ನು ನಂಬದೆ, ಸಲೈನ್ ಆದಮೇಲೆ ಮತ್ತೆ ರಕ್ತ ಕಳಿಸಿ ಎಂದು ಡಾಕ್ಟರಿಗೆ ಹೇಳಿದ್ದವಳು ಆಕೆಯೇ. ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಮೂರು ತಿಂಗಳ ಹಿಂದೆ, ಇದೇ ತಾಯಿ. ಎಷ್ಟಿದೆ ಓದು."

ಅವನು ಓದಿದ. ಒಂಬತ್ತೂವರೆ.

"ರಿಪೋರ್ಟ್ ತಗೊಂಡವರ ಸಹಿ ಯಾರದು?"

ಸಹಿ ಅವನದೇ ಆಗಿತ್ತು.

"ರಕ್ತ ಕಮ್ಮಿ ಅಂತ ಆವತ್ತೇ ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ರಲ್ಲ, ಒಂದಾದ್ರೂ ತಂದುಕೊಟ್ಯಾ?"