ಅಮಿತಾ ಕೇಳಿದ ಮೂಲ ಫೈಲು

ತೆಂಗಿನಗುಂಡಿಯ ಅಮಿತಾಳನ್ನು ಬಿ.ಎ. ತರಗತಿಯ ಪ್ರತಿನಿಧಿ ಮಾಡಿದ್ದು ಅವಳ ಬಾಯಿ ನೋಡಿ. ಹೊನ್ನಾವರದ ಕಾಲೇಜಿನಲ್ಲಿ ಆ ಬಾಯಿಗೆ ಹೆದರದವರು ಕಡಿಮೆ. ಅಂಥವಳು ಅವತ್ತು ಭೂಗೋಳದ ತ್ರ್ಯಂಬಕ ಸರ್‌ಗೆ ಒಂದು ಮೆಸೇಜು ಬರೆಯಲು ಕೂತು, ಬರೆದದ್ದನ್ನೆಲ್ಲ ಅಳಿಸುತ್ತಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ವಿಷಯ ಸಹಪಾಠಿ ನಾಗರಾಜನದು. ಅಘನಾಶಿನಿ ಊರಿನ ಹುಡುಗ, ಹುಟ್ಟಿನಿಂದ ಕಣ್ಣು ಕಾಣದು. ಫೋನು ಓದಿ ಹೇಳಿದ್ದನ್ನು ಕೇಳಿಯೇ ಅವನ ಓದು. ಸರ್ ಕಳಿಸಿದ ಪಿಡಿಎಫ್ ತೆರೆದರೆ ಫೋನು ಬರೀ "ಚಿತ್ರ, ಚಿತ್ರ" ಎನ್ನುತ್ತಿತ್ತು.

"ನಾ ಭೂಗೋಳ ಬಿಡ್ತೆ. ವಿಷಯ ಬದಲಿಸೂಕೆ ಶನಿವಾರ ಕಡೆ ದಿನ," ಎಂದಿದ್ದ. ಅವನಿಗೆ ಅತಿ ಇಷ್ಟದ ವಿಷಯವೇ ಅದು.

ಕೊನೆಗೆ ಬರೆದಳು: "ಸರ್, ನಾನು ಅಮಿತಾ. ಪಿಡಿಎಫ್‌ನಲ್ಲಿ ಸ್ಲೈಡುಗಳೆಲ್ಲ ಫೋಟೋ ಆಗಿವೆ, ನಾಗರಾಜನ ಫೋನು ಓದುವುದಿಲ್ಲ. ತಿದ್ದಲು ಬರುವ ಮೂಲ ಪಿಪಿಟಿ ಕೊಟ್ಟರೆ ಅವನಿಗೆ ಓದಲು ಬರುವಂತೆ ಮಾಡಿ, ಚಿತ್ರಗಳಿಗೆ ವಿವರಣೆ ಸೇರಿಸುತ್ತೇವೆ. ಬೇರೆ ಯಾರಿಗೂ ಕಳಿಸುವುದಿಲ್ಲ."

ಸರ್ ಫೋನೇ ಮಾಡಿದರು. "ಎಂತ ಮಾರಾಯ್ತಿ, ನುಡಿ ಸಾಫ್ಟ್‌ವೇರಲ್ಲಿ ಟೈಪು ಮಾಡಿದ್ದು, ನಿಮ್ಮ ಮೊಬೈಲಲ್ಲಿ ಅಕ್ಷರ ಒಡೀತದೆ ಅಂತ ನಾನೇ ಫೋಟೋ ಮಾಡಿದ್ದೆ." ಉಪಕಾರ ಮಾಡಲು ಹೋಗಿಯೇ ಬಾಗಿಲು ಹಾಕಿದ್ದರು, ಪಾಪ. ಫೈಲು ಬಂತು.

ಮರುದಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಮಿತಾ ನುಡಿಯ ಅಕ್ಷರಗಳನ್ನು ಯಂತ್ರ ಓದಬಲ್ಲ ಯೂನಿಕೋಡ್‌ಗೆ ಬದಲಿಸಿದಳು. ಒತ್ತಕ್ಷರ ಕೆಟ್ಟಲ್ಲೆಲ್ಲ ಕೂತು ತಿದ್ದಿದಳು. ಕಂಪ್ಯೂಟರು ಓದತೊಡಗಿತು. ಪಕ್ಕದಲ್ಲಿದ್ದ ನಾಗರಾಜ ಓದಿನ ವೇಗ ಏರಿಸಿದ. ಅವಳಿಗೆ ಒಂದು ಶಬ್ದವೂ ತಿಳಿಯದ ಆ ಗಡಿಬಿಡಿಯ ನಡುವೆ ಅವನು, "ನಿಲ್ಲು, ಅಲ್ಲೊಂದು ದೀರ್ಘ ಬಿಟ್ಟೋಗ್ಯದೆ," ಎಂದ. ಹುಡುಕಿದರೆ ಹೌದು. ಇಷ್ಟು ದಿನ ಇವನಿಗೆ ತಾನು ಸಹಾಯ ಮಾಡುತ್ತಿದ್ದೇನೆಂದು ಬೀಗಿದ್ದ ಅಮಿತಾ ಬೆರಗಾಗಿ ಅವನ ಮುಖ ನೋಡಿದಳು.

ಉಳಿದದ್ದು ನದೀಮುಖದ ನಕ್ಷೆ. ಅದರ ವಿವರಣೆಗೆ ಮೊದಲು "ಅಘನಾಶಿನಿ ನದಿಯ ನಕ್ಷೆ" ಎಂದಷ್ಟೇ ಬರೆದಳು. "ಇದ್ರಾಗೆ ಎಂತ ಕಾಣ್ತದೆ ಹೇಳು," ಎಂದ ನಾಗರಾಜ. ನಾಚಿ, ಸರ್ ಅವರನ್ನೇ ಕರೆತಂದಳು. ಇಬ್ಬರೂ ಸೇರಿ ಬರೆದರು: ಎಡಕ್ಕೆ ಸಮುದ್ರ. ಬಲದಿಂದ ಬರುವ ಹೊಳೆ ಒಳಗೆ ಕೆರೆಯಂತೆ ಅಗಲ, ಸಮುದ್ರ ಸೇರುವಲ್ಲಿ ಕಿರಿದು. ಮೇಲಿನ ದಡದಲ್ಲಿ ತದಡಿ ಬಂದರು.

ಕಂಪ್ಯೂಟರು ಅದನ್ನು ಓದಿದಂತೆ ನಾಗರಾಜನ ಬೆರಳು ಮೇಜಿನ ಮೇಲೆ ಹರಿಯಿತು, ಅಗಲವಾಯಿತು, ಕಿರಿದಾಯಿತು. ಸಮುದ್ರದ ಹತ್ತಿರ, ಕೆಳಗಿನ ದಡದಲ್ಲಿ ನಿಂತಿತು.

"ತದಡಿ ಎದುರಿಗೆ, ನಮ್ಮನೆ ಇಲ್ಲೇ ಅದೆ," ಎಂದ. "ಹೊಳಿ ಸದ್ದು ದಿನಾ ಕೇಳ್ತೆ. ಅದಕ್ಕೊಂದು ರೂಪ ಇದ್ದದ್ದು ಗೊತ್ತಿರ್ಲಿಲ್ಲ."

ಸರ್ ನಕ್ಷೆ ನೋಡಿದರು. ಅದರಲ್ಲಿ ಅಘನಾಶಿನಿ ಊರಿನ ಹೆಸರು ಇರಲೇ ಇಲ್ಲ. ಬೆರಳು ಮಾತ್ರ ಸರಿಯಾದ ಜಾಗದಲ್ಲಿತ್ತು.

"ಸರ್," ಎಂದ ನಾಗರಾಜ, ಬೆರಳು ತೆಗೆಯದೆ, "ಶರಾವತಿದೂ ನಕ್ಷೆ ಅದೆಯಾ?"