ಕಿಟಕಿಯಕ್ಕನ ಎರಡು ಗಂಟೆ

ಕಿಟಕಿಯಕ್ಕ ಎಂದು ಹೆಸರಿಟ್ಟವನು ನಾನೇ. ಆಗ ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಕೆಯೂ ನಕ್ಕಿದ್ದಳು, ಅದೇ ಈಗ ನನಗೆ ಚುಚ್ಚುವುದು.

ನಮ್ಮದು ಗೋಡೆಗೆ ಅಂಟಿಸುವ ದೊಡ್ಡ ಚಿತ್ರಗಳನ್ನು ಮುದ್ರಿಸುವ ಅಂಗಡಿ. ಮುಂದೆ ಗಿರಾಕಿ ಕೂರುವ ಎರಡು ಕುರ್ಚಿ, ಹಿಂದೆ ಮುದ್ರಣದ ಯಂತ್ರ, ನಡುವೆ ಕಂಪ್ಯೂಟರ್‌ಗಳ ಸಾಲು. ಮೊದಲೆಲ್ಲ ಚಿತ್ರಗಳನ್ನು ಯಾರಿಂದಲೋ ಕೊಂಡು ತರುತ್ತಿದ್ದೆವು. ಈಗ ಯಾವ ಚಿತ್ರ ಬೇಕೋ ಅದನ್ನು ಮಾತಿನಲ್ಲಿ ಬರೆದು ಕಂಪ್ಯೂಟರಿಗೆ ಕೊಟ್ಟರೆ ಅರ್ಧ ನಿಮಿಷದಲ್ಲಿ ಅದೇ ಚಿತ್ರ ಮಾಡಿಕೊಡುತ್ತದೆ. ಹಾಗೆ ಬರೆದು ಕೊಡುವ ಮಾತಿಗೆ ಪ್ರಾಂಪ್ಟ್ ಎನ್ನುತ್ತಾರೆ. ಬರೆಯುವುದು ಸುಲಭ ಅಂದುಕೊಂಡವರು ಒಂದು ದಿನ ಬಂದು ಕೂತು ನೋಡಲಿ. ಕುದುರೆ ಕೇಳಿದರೆ ಐದು ಕಾಲಿನದು ಬರುತ್ತದೆ.

ಕಿಟಕಿಯಕ್ಕ ಐವತ್ತು ದಾಟಿದವಳು. ಇಪ್ಪತ್ತು ವರ್ಷ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್‌ಗಳನ್ನು ತಿದ್ದಿ, ಮದುಮಕ್ಕಳ ಮೊಡವೆ ಅಳಿಸಿ, ಆ ಸ್ಟುಡಿಯೋ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಳು. ಮದುವೆಯಾಗಿರಲಿಲ್ಲ. ಮಾತು ಕಮ್ಮಿ. ಹೂವು, ಜಲಪಾತ, ಹಸುಗೂಸು ಯಾವುದನ್ನು ಕೊಟ್ಟರೂ ಮಾಡುತ್ತಿದ್ದಳು, ಆದರೆ ರಾತ್ರಿಯ ಆಕಾಶದಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ ಗಂಟೆಗಟ್ಟಲೆ ಅದರ ಕಣ್ಣು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಯಾಗಿ ಉಳಿಯುವುದಿಲ್ಲ. ಭೂಮಿ ತಿರುಗುವುದರಿಂದ ಒಂದೊಂದೂ ಬಳೆಯ ಚೂರಿನ ಹಾಗೆ ಬಾಗಿದ ಗೆರೆ ಎಳೆಯುತ್ತದೆ. ಕೆಳಗೆ ಊರು ಮಾತ್ರ ಕಪ್ಪಗೆ, ಬರೀ ಆಕಾರವಾಗಿ ನಿಂತಿರುತ್ತದೆ. ಹೀಗೆ ತೆಗೆಯುವುದಕ್ಕೆ ಲಾಂಗ್ ಎಕ್ಸ್‌ಪೋಷರ್ ಎನ್ನುತ್ತಾರೆ. ಅಂಥ ಚಿತ್ರದ ಹಾಗೇ ಕಾಣುವಂಥದ್ದನ್ನು ಕಂಪ್ಯೂಟರಿನಿಂದ ಹೊರಡಿಸುವುದು ಆಕೆಯ ಕೆಲಸ. ಗೆರೆಗಳೆಲ್ಲ ಧ್ರುವ ನಕ್ಷತ್ರವೊಂದನ್ನೇ ಸುತ್ತಬೇಕು. ಕಂಪ್ಯೂಟರಿಗೆ ಅದು ತಿಳಿಯದೆ ಕೆಲವು ಸಲ ಎರಡೆರಡು ಕಡೆ ಸುಳಿ ಹಾಕಿಬಿಡುತ್ತದೆ. ನಾನು ನೋಡಿ "ಆಹಾ" ಅನ್ನುವಷ್ಟರಲ್ಲಿ ಆಕೆ ಅದನ್ನು ಅಳಿಸಿರುತ್ತಿದ್ದಳು.

ಎಲ್ಲ ಸರಿ, ಆದರೆ ಆಕೆಗೆ ಎರಡು ಹುಚ್ಚಿದ್ದವು. ಒಂದು, ಮೇಜಿನ ಮೇಲೆ ಶಾಲೆ ಮಕ್ಕಳ ಕೋನಮಾಪಕ. ಬಂದ ಚಿತ್ರದ ಗೆರೆಗಳನ್ನು ಪರದೆಯ ಮೇಲೇ ಅಳೆಯುತ್ತಿದ್ದಳು. ಆಕಾಶ ಗಂಟೆಗೆ ಹದಿನೈದು ಡಿಗ್ರಿ ತಿರುಗುತ್ತದೆ ಎಂಬ ಲೆಕ್ಕವನ್ನು ಬಂದ ಹೊಸತರಲ್ಲಿ ನಾನೇ ಜಂಬದಿಂದ ಹೇಳಿಕೊಟ್ಟಿದ್ದೆ. ಹೇಳಿಕೊಟ್ಟದ್ದೇ ತಪ್ಪಾಯಿತು. ಮೂವತ್ತು ಡಿಗ್ರಿ, ಅಂದರೆ ಎರಡು ಗಂಟೆ. ಅದಕ್ಕಿಂತ ಗೆರೆ ಉದ್ದವಾದರೆ ಚಿತ್ರ ಎಷ್ಟೇ ಚೆಂದವಿರಲಿ, ಕಸದ ಬುಟ್ಟಿಗೆ. ಪ್ರಾಂಪ್ಟಿನಲ್ಲಿ "ಎರಡು ಗಂಟೆ" ಎಂದು ಬರೆದರೆ ಕಂಪ್ಯೂಟರೇನು ಗಡಿಯಾರ ನೋಡುತ್ತದೆಯೇ? ಮನಸ್ಸಿಗೆ ಬಂದಷ್ಟು ಎಳೆಯುತ್ತದೆ. ಮೂವತ್ತಕ್ಕೆ ನಿಂತದ್ದು ಸಿಗುವವರೆಗೂ ಆಕೆ ಮತ್ತೆ ಮತ್ತೆ ಮಾಡಿಸುತ್ತಿದ್ದಳು. ಗೆರೆ ಉದ್ದವಾದಷ್ಟೂ ಚೆಂದ ಎಂದು ನಾನು ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ.

ಇನ್ನೊಂದು, ಆ ಕಿಟಕಿ. ಆಕೆಯ ಪ್ರತಿ ಊರಿನಲ್ಲೂ ಎಲ್ಲೋ ಒಂದು ಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿರುತ್ತಿತ್ತು. ಹೆಸರು ಅಂಟಿಕೊಂಡದ್ದು ಅದರಿಂದಲೇ.

ಒಂದು ವಸತಿಗೃಹದ ಮಾಲೀಕ ನಲವತ್ತು ಕೋಣೆಗಳಿಗೆ, ಮಂಚದ ತಲೆಯ ಕಡೆಯ ಗೋಡೆಗೆ, ಇಂಥ ಚಿತ್ರ ಬೇಕೆಂದು ಬಂದ. "ಪೂರ್ತಿ ಕತ್ತಲೆ ಊರು ಇರಲಿ. ಒಂದೂ ದೀಪ ಬೇಡ. ಮಲಗೋ ಕೋಣೆ ಅಲ್ವಾ, ನೋಡಿದ್ರೆ ನಿದ್ದೆ ಬರ್ಬೇಕು" ಅಂದ. ಮಾದರಿ ಕಳಿಸಿದೆವು, ವಾಪಸ್ ಬಂತು, ಕಿಟಕಿಯಲ್ಲಿ ದೀಪ. ಮತ್ತೆ ಕಳಿಸಿದೆವು, ಮತ್ತೆ ದೀಪ. ಮೂರನೆಯ ಸಲ ಆತ ಫೋನಿನಲ್ಲಿ, "ಏನ್ ಸ್ವಾಮಿ, ಕರೆಂಟ್ ಬಿಲ್ ನಾನು ಕಟ್ಬೇಕಾ?" ಎಂದು ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು.

ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ನಾನು ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತು ಪ್ರಾಂಪ್ಟ್ ತೋರಿಸಲು ಹೇಳಿದೆ. ಪರದೆಯ ಮೇಲೆ ಎರಡು ಚೌಕಗಳಿರುತ್ತವೆ. ಮೇಲಿನದರಲ್ಲಿ ಏನೇನು ಬೇಕೋ ಅದನ್ನು ಬರೆಯಬೇಕು, ಕೆಳಗಿನದರಲ್ಲಿ ಬೇಡದ್ದನ್ನು. ಆಕೆ ಮೇಲಿನ ಚೌಕದಲ್ಲೇ ಬರೆದಿದ್ದಳು: ಲಾಂಗ್ ಎಕ್ಸ್‌ಪೋಷರ್, ಎರಡು ಗಂಟೆಯ ನಕ್ಷತ್ರದ ಗೆರೆಗಳು, ಚಂದ್ರನಿಲ್ಲದ ಆಕಾಶ, ಗುಡ್ಡದ ಮೇಲಿನಿಂದ ಕಾಣುವ ಕಪ್ಪು ಊರು, ಯಾವ ಮನೆಯ ಕಿಟಕಿಯಲ್ಲೂ ದೀಪ ಉರಿಯುತ್ತಿಲ್ಲ. ಕೆಳಗಿನ ಚೌಕ ಖಾಲಿ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಕ್ಕಾ, ಈ ಯಂತ್ರಕ್ಕೆ ಇಲ್ಲ ಅನ್ನೋದು ಸರಿಯಾಗಿ ಗೊತ್ತಾಗಲ್ಲ. ಕಿಟಕಿ, ದೀಪ ಅಂತ ಹೆಸರು ಹೇಳಿದ್ರೆ ಸಾಕು, ತಂದು ಇಟ್ಬಿಡುತ್ತೆ. ಬೇಡ ಅಂತ ಹೇಳೋಕೆ ಹೋಗಿ ನೀವೇ ಕರೀತಾ ಇದೀರಲ್ಲ! ಇದನ್ನ ಇಲ್ಲಿಂದ ತೆಗೆದು ಕೆಳಗಿನ ಚೌಕದಲ್ಲಿ ಬರೀ ದೀಪ ಅಂತ ಹಾಕಿ, ಮುಗೀತು. ಇಷ್ಟು ದಿನ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸರ್" ಅಂದಳು.

"ಏನು?"

"ಬಂದ ಮೊದಲನೇ ವಾರಾನೇ ಗೊತ್ತಾಯ್ತು. ಬೇಡ ಅಂತ ಬರೆದ್ರೆ ಬರುತ್ತೆ ಅಂತ. ಅದಕ್ಕೇ ಹಾಗೆ ಬರೀತಿದ್ದೆ."

ಗಿರಾಕಿ ಹೇಳಿದ್ದನ್ನು ಅಕ್ಷರ ಬಿಡದೆ ಬರೆದೂ ದೀಪವನ್ನು ಉಳಿಸಿಕೊಳ್ಳುವ ಉಪಾಯ ಅದು. ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಆಕೆ ಮೇಜಿನ ಖಾನೆಯಿಂದ ಒಂದು ಹಳೆಯ ಫೋಟೋ ತೆಗೆದು ನನ್ನ ಮುಂದಿಟ್ಟಳು. ಅಂಗೈ ಅಗಲದ್ದು. ಮೇಲೆ ನಕ್ಷತ್ರದ ಗೆರೆಗಳು, ಕೆಳಗೆ ಮೂವತ್ತು ಮನೆಯ ಕಪ್ಪು ಊರು. ಒಂದೂ ದೀಪವಿಲ್ಲ. ಆಕೆ ಎರಡು ವರ್ಷದಿಂದ ಮಾಡುತ್ತಿದ್ದ ಊರುಗಳೆಲ್ಲ ಇದರ ಮಕ್ಕಳು ಎಂದು ನೋಡಿದ ಕೂಡಲೇ ಗೊತ್ತಾಯಿತು.

"ನನ್ನ ತಮ್ಮ ತೆಗೆದಿದ್ದು. ಹತ್ತೊಂಬತ್ತು ವರ್ಷ ಅವನಿಗೆ. ಫೋಟೋ ಹುಚ್ಚು. ಊರಲ್ಲಿ ಒಂದು ದೀಪ ಉರಿದ್ರೂ ಫಿಲಂ ಮೇಲೆ ಬೆಳ್ಳಗೆ ಸುಟ್ಟ ಹಾಗೆ ಬೀಳುತ್ತೆ, ಅಕ್ಕಾ, ಎಲ್ಲರಿಗೂ ಹೇಳಿ ಆರಿಸು ಅಂದ. ಮನೆ ಮನೆಗೆ ಹೋಗಿ ಕೈಮುಗಿದು ಕೇಳಿದೆ. ಎಂಟು ಗಂಟೆಗೆ ಎಲ್ಲರೂ ಆರಿಸಿದ್ರು. ಅವನು ಗುಡ್ಡದ ಮೇಲೆ ಕ್ಯಾಮೆರಾ ತೆರೆದಿಟ್ಕೊಂಡು ಕೂತ. ಟಾರ್ಚೂ ಒಯ್ಯಲಿಲ್ಲ, ಕೈ ತಪ್ಪಿ ಹತ್ತಿದ್ರೆ ಚಿತ್ರ ಹಾಳು ಅಂತ."

"ಆಮೇಲೆ?"

"ಮನೇಲಿದ್ದಿದ್ದು ಒಂದೇ ವಾಚು. ಅದನ್ನ ನನ್ನ ಕೈಗೆ ಕಟ್ಟಿ ಹೋಗಿದ್ದ. ಸರಿಯಾಗಿ ಹತ್ತಕ್ಕೆ ನಮ್ಮ ಕಿಟಕೀಲಿ ದೀಪ ಹಾಕು, ಅದು ಕಂಡ ತಕ್ಷಣ ಕ್ಯಾಮೆರಾ ಮುಚ್ತೀನಿ, ಅದನ್ನೇ ನೋಡ್ಕೊಂಡು ಇಳಿದು ಬರ್ತೀನಿ ಅಂದಿದ್ದ." ಆಕೆ ಫೋಟೋವನ್ನು ತನ್ನ ಕಡೆ ತಿರುಗಿಸಿಕೊಂಡಳು. "ನನಗೆ ನಿದ್ದೆ ಬಂತು ಸರ್. ಕತ್ತಲೆ ಅಲ್ವಾ. ಗೋಡೆಗೆ ಒರಗಿದ್ದೆ, ಹಾಗೇ ನಿದ್ದೆ ಹತ್ತಿತು. ಎಚ್ಚರ ಆದಾಗ ಬೆಳಗಾಗಿತ್ತು."

ಗುಡ್ಡದ ಪಕ್ಕೆಯಲ್ಲಿ ಕಲ್ಲು ಒಡೆದ ಆಳದ ಗುಂಡಿ ಇತ್ತಂತೆ. ಅದರಲ್ಲಿ ಅವನ ಹೆಣ ಸಿಕ್ಕಿತ್ತು. ಹೆಗಲ ಚೀಲದಲ್ಲಿ ಕ್ಯಾಮೆರಾ, ಒಳಗಿನ ಫಿಲಂಗೆ ಏನೂ ಆಗಿರಲಿಲ್ಲ. ತೊಳೆಸಿದರೆ ಈ ಒಂದು ಚಿತ್ರ ಬಂತು.

ನಾನು ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, "ಅವನು ಸ್ವಲ್ಪ ಹೊತ್ತು ನೋಡಿ ತಾನೇ ಹೊರಟಿರ್ಬೇಕು, ಹುಡುಗು ಬುದ್ಧಿ" ಅಂದೆ.

"ನಾನೂ ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ. ನೀವು ಆ ಡಿಗ್ರಿ ಲೆಕ್ಕ ಹೇಳಿಕೊಡೋವರೆಗೂ."

ಆಕೆ ಕೋನಮಾಪಕವನ್ನು ಫೋಟೋದ ಮೇಲಿಟ್ಟು ನನ್ನ ಕಡೆ ತಳ್ಳಿದಳು. ಬೇಡವೆನ್ನಲು ಧೈರ್ಯ ಬರಲಿಲ್ಲ. ನಡುವಿನ ಬಿಂದುವನ್ನು ಧ್ರುವ ನಕ್ಷತ್ರಕ್ಕೆ ಕೂರಿಸಿ ಒಂದು ಗೆರೆಯ ಎರಡು ತುದಿಗಳನ್ನು ಅಳೆದೆ. ಐವತ್ತೆಂಟು ಡಿಗ್ರಿ. ನಂಬದೆ ಇನ್ನೊಂದು ಗೆರೆ ಅಳೆದೆ. ಅದೂ ಅಷ್ಟೇ.

"ನಾಲ್ಕು ಗಂಟೆಗೆ ಎರಡು ಡಿಗ್ರಿ ಕಮ್ಮಿ" ಅಂದಳು. "ಎಂಟಕ್ಕೆ ತೆರೆದೋನು ಹನ್ನೆರಡರ ಹತ್ತಿರದವರೆಗೂ ಮುಚ್ಚಲಿಲ್ಲ. ಅಕ್ಕ ದೀಪ ಹಾಕ್ತಾಳೆ ಅಂತ ಕಾದಿದ್ದ."

ನನಗೆ ಕಣ್ಣು ತುಂಬಿ ಬಂತು. ಗಿರಾಕಿಗಳ ಮುಂದೆ ಅವಳ ಕೋನಮಾಪಕ ತೋರಿಸಿ ತಮಾಷೆ ಮಾಡಿದ್ದೆಲ್ಲ ನೆನಪಾಗಿ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. "ನೀವು ಬಿಡಿ ಅಕ್ಕಾ. ವಸತಿಗೃಹದ್ದು ನಾನು ಮಾಡ್ಕೋತೀನಿ" ಎಂದೆ.

ಆಕೆ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. "ಬೇಡ ಸರ್. ಆವತ್ತೂ ನಾನೇ ಆರಿಸಿದ್ದು. ಇನ್ನೊಬ್ಬರ ಕೈಲಿ ಯಾಕೆ."

ಮೇಲಿನ ಚೌಕದಿಂದ ಆ ಕೊನೆಯ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ಎರಡು ಗಂಟೆ ಎಂಬುದನ್ನೂ ಅಳಿಸಿ, ನಾನು ಯಾವಾಗಲೂ ಹೇಳುತ್ತಿದ್ದ ಹಾಗೆ ಉದ್ದನೆಯ ಗೆರೆಗಳು ಎಂದು ಬರೆದಳು. ಕೆಳಗಿನ ಚೌಕಕ್ಕೆ ಇಳಿದು ದೀಪ, ಬೆಳಕು, ಉರಿಯುವ ಕಿಟಕಿ ಎಂದು ಸೇರಿಸಿದಳು. ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತಿದಳು.

ಚಿತ್ರ ಬಂತು. ಎರಡು ವರ್ಷದಲ್ಲಿ ನಮ್ಮ ಅಂಗಡಿಯಿಂದ ಅಷ್ಟು ಸುಂದರವಾದದ್ದು ಇನ್ನೊಂದು ಹೊರಟಿರಲಿಲ್ಲ. ಊರು ಮಸಿ ಬಳಿದ ಹಾಗೆ ಕಪ್ಪಗಿತ್ತು. ಆಕೆ ಅದನ್ನು ಅಳೆಯಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, "ಮುದ್ರಿಸಿ ಸರ್, ತಡ ಆಯ್ತು" ಅಂದಳು.

ಈಗಲೂ ನಮ್ಮಲ್ಲೇ ಇದ್ದಾಳೆ. ಹೂವು, ಜಲಪಾತ, ಹಸುಗೂಸುಗಳನ್ನು ಮಾಡುತ್ತಾಳೆ. ರಾತ್ರಿಯ ಆಕಾಶವನ್ನು ನಾನು ಆಕೆಗೆ ಕೊಡುವುದಿಲ್ಲ, ಆಕೆ ಕೇಳುವುದೂ ಇಲ್ಲ. ಕಿಟಕಿಯಕ್ಕ ಎಂದು ಅಂಗಡಿಯಲ್ಲಿ ಯಾರಾದರೂ ಕರೆದರೆ ನಾನು ಕೆಂಡವಾಗುತ್ತೇನೆ, ಕಾರಣ ಮಾತ್ರ ಹೇಳುವುದಿಲ್ಲ.

ಅಂಟಿಸಿದ್ದು ಸರಿಯಾಗಿದೆಯೇ ನೋಡಲು ಹೋದ ವಾರ ಆ ವಸತಿಗೃಹಕ್ಕೆ ಹೋಗಿದ್ದೆ. ಹಗಲಿನಲ್ಲೇ ಕಿಟಕಿಯ ಪರದೆ ಎಳೆದು ಮಾಲೀಕ ಒಂದು ಕೋಣೆ ತೋರಿಸಿದ. ಮಂಚದ ಮೇಲೆ ಗೋಡೆ ತುಂಬಾ ಆಕಾಶ. "ನೋಡಿ, ಗೆರೆ ಎಷ್ಟು ಉದ್ದ! ಬಂದೋರೆಲ್ಲ ಇದನ್ನೇ ಹೊಗಳ್ತಾರೆ. ಒಳ್ಳೆ ನಿದ್ದೆ ಬರುತ್ತಂತೆ" ಅಂದ. ನಾನು ಹೌದು ಹೌದು ಎನ್ನುತ್ತಿದ್ದೆ. ಕಣ್ಣು ಮಾತ್ರ ನನ್ನ ಮಾತು ಕೇಳದೆ ಒಂದು ಗೆರೆಯ ಈ ತುದಿಯಿಂದ ಆ ತುದಿಗೆ ಹೋಯಿತು. ತೊಂಬತ್ತು ಡಿಗ್ರಿ ಇದ್ದೀತು. ಅಂದರೆ ಆರು ಗಂಟೆಗಳಿಂದ ಯಾರೋ ಗುಡ್ಡದ ಮೇಲೆ ಕೂತು ಕೆಳಗೆ ನೋಡುತ್ತಿದ್ದಾರೆ.