ಪೆನ್ಸಿಲ್ ಬೀಳುವ ಹೊತ್ತು

ಚೆನ್ನೈನ ಮೈಲಾಪೂರಿನ ಕೋಚಿಂಗ್ ಸೆಂಟರಿನಲ್ಲಿ ಹನ್ನೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದ ಹಾಸನದ ವಸುಧಾಗೆ, ಪೋಸ್ಟರಿನಲ್ಲಿ ಹಲ್ಲು ಕಿಸಿಯುವ ಮುಖ್ಯ ಮೇಷ್ಟ್ರು ಸುಧೀಂದ್ರನೆಂದರೆ ತಾತ್ಸಾರ. ಹದಿನೈದು ಸೆಂಟಿಮೀಟರಿನ ಪೆನ್ಸಿಲ್ಲನ್ನು ಮೊನೆಯ ಮೇಲೆ ಒಂದು ಡಿಗ್ರಿ ವಾಲಿಸಿ ಬಿಟ್ಟರೆ 0.18 ಸೆಕೆಂಡಿಗೆ ಬೀಳುತ್ತದೆಂದು, ವೇಗ ಉದ್ದಕ್ಕೂ ಒಂದೇ ದರದಲ್ಲಿ ಏರುವಂತೆ ಲೆಕ್ಕ ಹಾಕಿ, ಅವನು ಸೆಂಟರಿನ ಗೈಡಿನಲ್ಲಿ ಅಚ್ಚು ಹಾಕಿಸಿದ್ದ.

“ಕೋನೀಯ ವೇಗೋತ್ಕರ್ಷ ಉದ್ದಕ್ಕೂ ಒಂದೇ ಇರುತ್ತೇನ್ರೀ? ಶುರುನಲ್ಲಿ ಕೊನೇದರ ನೂರಕ್ಕೆ ಎರಡು ಪಾಲೂ ಇರಲ್ಲ. ವಾಲಿದಷ್ಟೂ ಹೆಚ್ಚುತ್ತೆ,” ಎಂದಳು ವಸುಧಾ.

“ನೀವು ಲ್ಯಾಬ್ ನೋಡ್ಕೊಳ್ಳಿ ಮೇಡಂ, ಪೋದುಂ, ಅಷ್ಟು ಸಾಕು,” ಎಂದ ಸುಧೀಂದ್ರ.

ಅವಳು ಮೊನೆ ಜಾರದಂತೆ ರಬ್ಬರಿನಲ್ಲಿ ಕುಳಿ ಮಾಡಿ, ತರಗತಿಯೆದುರೇ ಪೆನ್ಸಿಲ್ ಬೀಳಿಸಿ, ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿದಳು. ಅರ್ಧ ಸೆಕೆಂಡು ದಾಟಿತ್ತು.

“ನಿಮ್ಮ ಫೋನು ಹಳೇದು,” ಎಂದ ಸುಧೀಂದ್ರ.

ಮರುದಿನ ತಿದ್ದಿದ ಉತ್ತರ ಅವನ ಹೆಸರಿನಲ್ಲೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. ವಸುಧಾ ಜಗಳಕ್ಕೆ ಹೋಗಲಿಲ್ಲ. ಇಂಥವನನ್ನು ಗೆದ್ದರೂ ಮರ್ಯಾದೆ ತನ್ನದೇ ಹೋಗುತ್ತದೆ ಎನ್ನಿಸಿತು.